ತಡವಾದ ಪ್ರಾಜೆಕ್ಟಿನ ವಿಷಯ ಡೆಲಿವರಿ ಹೆಡ್‌ಗೆ ಬರೀಬೇಕು: ಯಾರ ಹೆಸರೂ ಎತ್ತದೆ, ಏನನ್ನೂ ಮುಚ್ಚಿಡದೆ ಹೇಗೆ?

ತುಂಗಾತೀರ · 10 ಸೆಪ್ಟೆಂಬರ್ 2025, ಬೆಳಿಗ್ಗೆ 8:40

ಹುಬ್ಬಳ್ಳಿ ಕಡೆಯ ಒಬ್ಬ ಡಿಸ್ಟ್ರಿಬ್ಯೂಟರ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದಲೇ ನೇರವಾಗಿ ಸರ್ಕಾರದ ಜಿಎಸ್‌ಟಿ ಪೋರ್ಟಲ್‌ಗೆ ಇ-ಇನ್‌ವಾಯ್ಸ್ ಹೋಗೋ ಹಾಗೆ ಮಾಡ್ತಿದ್ದೀವಿ. ಸೋಪು, ಶಾಂಪೂ, ಟೂತ್‌ಪೇಸ್ಟ್ ಸಗಟು ವ್ಯಾಪಾರ ಅವರದು. ಈಗ ಅವರ ಲೆಕ್ಕದ ಹುಡುಗರು ಪೋರ್ಟಲ್‌ಗೆ ಕೈಯಾರೆ ಅಪ್‌ಲೋಡ್ ಮಾಡ್ತಾರೆ. ಗೋ-ಲೈವ್ ಇದೇ 15ಕ್ಕೆ ಅಂತ ಒಪ್ಪಂದ. ಅದು ಆಗಲ್ಲ. 54 ಟೆಸ್ಟ್ ಕೇಸ್‌ಗಳಲ್ಲಿ ನಿನ್ನೆ ಸಂಜೆಗೆ ಪಾಸ್ ಆಗಿರೋದು 27.

ಟೀಮಿನಲ್ಲಿ ನಾನು ಲೀಡ್. ಇಬ್ಬರು ಡೆವಲಪರ್, ಒಬ್ಬರು ಟೆಸ್ಟರ್. ಡೆಲಿವರಿ ಹೆಡ್‌ಗೆ ಮೇಲ್ ಕಳಿಸಬೇಕು. ಬರೆದಿರೋ ಕರಡು ಇದು (ಆಫೀಸಿಗೆ ಇಂಗ್ಲಿಷ್‌ನಲ್ಲೇ ಹೋಗುತ್ತೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೀನಿ):

> "ಪ್ರಾಜೆಕ್ಟ್ ಸ್ವಲ್ಪ ತಡವಾಗುತ್ತಿದೆ. ಕ್ಲೈಂಟ್ ಕಡೆಯವರು ಕಸ್ಟಮರ್ ಮಾಸ್ಟರ್ ಡೇಟಾವನ್ನು 10 ದಿನ ತಡವಾಗಿ ಕೊಟ್ಟರು. ಕ್ಯಾನ್ಸಲ್ ಮಾಡುವ ಭಾಗವನ್ನು ಟೀಮಿನ ಒಬ್ಬರು ಸರಿಯಾಗಿ ಅರ್ಥ ಮಾಡಿಕೊಳ್ಳದ ಕಾರಣ ಮತ್ತೆ ಬರೆಯಬೇಕಾಯಿತು. ಜೊತೆಗೆ ಜಿಎಸ್‌ಟಿ ದರಗಳು 22ರಿಂದ ಬದಲಾಗುತ್ತಿವೆ. ಶೇ. 80ರಷ್ಟು ಕೆಲಸ ಮುಗಿದಿದೆ. ಇನ್ನೊಬ್ಬ ಟೆಸ್ಟರ್ ಕೊಟ್ಟರೆ ಆದಷ್ಟು ಬೇಗ ಮುಗಿಸುತ್ತೇವೆ."

"ಟೀಮಿನ ಒಬ್ಬರು" ಅಂದ್ರೆ ಯಾರು ಅಂತ ಎಲ್ಲರಿಗೂ ಗೊತ್ತು. ಸೇರಿ ಒಂದು ವರ್ಷ ಆಗಿರೋ ಹುಡುಗಿ. ಅದನ್ನ ತೆಗೆದ್ರೆ ನಿಜ ಮುಚ್ಚಿಟ್ಟ ಹಾಗೆ, ಇಟ್ರೆ ಅವಳ ಅಪ್ರೈಸಲ್‌ಗೆ ಕಲ್ಲು. ಏನು ಮಾಡಲಿ?

---

ನೇರನುಡಿ · 8:58

ಇದ್ದದ್ದು ಇದ್ದ ಹಾಗೆ ಹೆಸರು ಹಾಕಿ ಬರೀರಿ ಸರ್. "ಟೀಮಿನ ಒಬ್ಬರು" ಅಂತ ಬರೆದ್ರೆ ಡೆಲಿವರಿ ಹೆಡ್ ಮೊದಲ ಪ್ರಶ್ನೆನೇ "ಯಾರು?" ಅಂತ ಬರುತ್ತೆ. ಆಗ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಹೆಸರು ಹೇಳೋದು ಇನ್ನೂ ಕೆಟ್ಟದ್ದು.

---

ಚಾರ್ಟಪ್ಪ · 9:25

ನೇರನುಡಿ ಅರ್ಧ ಸರಿ ಹೇಳಿದ್ದಾರೆ. "ಟೀಮಿನ ಒಬ್ಬರು" ಅನ್ನೋದು ಎಲ್ಲಕ್ಕಿಂತ ಕೆಟ್ಟ ದಾರಿ, ಬೆರಳು ತೋರಿಸಿ ಮುಖಕ್ಕೆ ಪರದೆ ಹಾಕಿದ ಹಾಗೆ. ಆದ್ರೆ ಅದಕ್ಕೆ ಮದ್ದು ಹೆಸರು ಹಾಕೋದಲ್ಲ. ಆ ವಾಕ್ಯದಲ್ಲಿ ಮನುಷ್ಯರನ್ನ ಕರ್ತೃ ಸ್ಥಾನದಿಂದ ಇಳಿಸಿ, ಕೆಲಸವನ್ನ ಕೂರಿಸಬೇಕು.

ಅದಕ್ಕೆ ಮೊದಲು ಕೆಲವು ವಿಷಯ ಬೇಕು. ಕ್ಯಾನ್ಸಲ್ ಭಾಗದಲ್ಲಿ ನಿಜವಾಗಿ ಏನು ತಪ್ಪಿತ್ತು? ಟೆಸ್ಟಿಂಗ್ ಯಾವತ್ತು ಶುರುವಾಗಬೇಕಿತ್ತು, ಯಾವತ್ತು ಶುರುವಾಯ್ತು? ಉಳಿದ 27 ಕೇಸ್‌ಗಳು ಈಗ ಯಾರ ಬಳಿ ಕೂತಿವೆ? "ಶೇ. 80" ಎಲ್ಲಿಂದ ಬಂತು? 54ರಲ್ಲಿ 27 ಅಂದ್ರೆ ಅರ್ಧ ಅಲ್ವಾ?

---

ತುಂಗಾತೀರ · 9:50

80 ಅಂದಾಜಿನ ಮೇಲೆ ಹಾಕಿದ್ದೆ, ಕೋಡ್ ಬರೆಯೋದು ಹೆಚ್ಚುಕಡಿಮೆ ಮುಗಿದಿದೆ ಅಂತ.

ಕ್ಯಾನ್ಸಲ್ ವಿಷಯ: ಪೋರ್ಟಲ್‌ನಲ್ಲಿ ಐಆರ್‌ಎನ್ ಅನ್ನೋ ಬಿಲ್ ನೋಂದಣಿ ಸಂಖ್ಯೆ ಬಂದ ಮೇಲೆ 24 ಗಂಟೆಯೊಳಗೆ ಮಾತ್ರ ಕ್ಯಾನ್ಸಲ್ ಮಾಡಬಹುದು, ಆಮೇಲೆ ಕ್ರೆಡಿಟ್ ನೋಟ್ ದಾರಿ. ಕೋಡ್‌ನಲ್ಲಿ ಯಾವಾಗ ಬೇಕಾದ್ರೂ ಕ್ಯಾನ್ಸಲ್ ಬಟನ್ ಒತ್ತೋ ಹಾಗಿತ್ತು. ಆಗಸ್ಟ್ 22ಕ್ಕೆ ಟೆಸ್ಟಿಂಗ್‌ನಲ್ಲಿ ಸಿಕ್ತು, 25ರಿಂದ 29ರವರೆಗೆ ಮತ್ತೆ ಬರೆದ್ವಿ. ನಡುವೆ ಗಣೇಶನ ಹಬ್ಬ, ಹಾಗಾಗಿ 4 ಕೆಲಸದ ದಿನ.

ಟೆಸ್ಟಿಂಗ್ ಪ್ಲಾನ್ ಪ್ರಕಾರ ಆಗಸ್ಟ್ 11ರಿಂದ ಸೆಪ್ಟೆಂಬರ್ 4. ಶುರುವಾಗಿದ್ದು 18ಕ್ಕೆ. ಮಾಸ್ಟರ್ ಡೇಟಾ ಜುಲೈ 28ಕ್ಕೆ ಬರಬೇಕಿತ್ತು, ಆಗಸ್ಟ್ 11ಕ್ಕೆ ಬಂತು. 3,200 ಗಿರಾಕಿಗಳಲ್ಲಿ 410 ಜನರದ್ದು ಜಿಎಸ್‌ಟಿಐಎನ್ ಇಲ್ಲ, ಇಲ್ಲಾ ಪಿನ್‌ಕೋಡ್ ರಾಜ್ಯಕ್ಕೆ ಹೊಂದಲ್ಲ.

---

ಹುಬ್ಳಿಮಂದಿ · 10:10

ನಾ ಡಿಸ್ಟ್ರಿಬ್ಯೂಶನ್ ಲೆಕ್ಕಪತ್ರದ ಕಡೆಯಾಂವ. ಒಂದು ಮಾತು. 3,200 ಗಿರಾಕಿ ಮಾಸ್ಟರ್ ಎರಡು ವಾರದಾಗ ಬಂತಂದ್ರ ಅದು ತಡ ಅಲ್ರಿ, ಲಗೂನ ಬಂದಂಗ. ಹಳ್ಳಿ ಅಂಗಡಿ ಪಿನ್‌ಕೋಡ್ ಯಾರು ನೆಟ್ಟಗ ಬರಸ್ತಾರ? ಒಬ್ಬೊಬ್ಬರಿಗೆ ಫೋನ್ ಹಚ್ಚಿ ಕೇಳಬೇಕಾಗ್ತದ. "ಕ್ಲೈಂಟ್ ತಡ ಮಾಡಿದ್ರು" ಅಂತ ನೀವು ಬರದದ್ದು ನಾಳೆ ಫಾರ್ವರ್ಡ್ ಆಗಿ ಅವರ ಮಾಲಕರ ಕಡೆ ಹೋತಂದ್ರ, ಮುಂದಿನ ಸಲ 410 ಸಾಲು ಸರಿಮಾಡಿ ಕೊಡೋರು ಯಾರು?

ಇನ್ನೊಂದು. ಕಾಯ್ದೆ ಹೆಸರಲೆ ಅಂಜಿಸಬ್ಯಾಡ್ರಿ. 10 ಕೋಟಿ ಮ್ಯಾಲಿನ ವಹಿವಾಟಿನವರು ಬಿಲ್ ತಾರೀಖಿನಿಂದ 30 ದಿನದೊಳಗ ಪೋರ್ಟಲ್‌ಗೆ ಹಾಕಬೇಕು ಅಂತ ಈ ವರ್ಷ ಏಪ್ರಿಲ್ 1ರಿಂದ ಬಂದದ. ಆದ್ರ ಇವರು ಕೈಲೆ ಹಾಕ್ತಾನೆ ಇದ್ದಾರಲ್ಲ. ನಿಮ್ಮ ಸಾಫ್ಟ್‌ವೇರ್ ಒಂದು ತಿಂಗಳು ತಡ ಆದ್ರ ದಂಡ ಏನೂ ಬೀಳೂದಿಲ್ಲ. ಇಬ್ಬರು ಹುಡುಗರು ಸಂಜಿಕಡೆ ಎರಡು ತಾಸು ಜಾಸ್ತಿ ಕೂಡ್ತಾರ, ಅಷ್ಟ.

---

ಚಾರ್ಟಪ್ಪ · 10:45

ಹುಬ್ಳಿಮಂದಿ ಹೇಳಿದ ಎರಡನೇ ಮಾತು ಮೇಲ್‌ನಲ್ಲಿ ಹಾಗೇ ಬರಬೇಕು: ತಡವಾದ್ರೆ ಏನಾಗುತ್ತೆ, ಏನಾಗಲ್ಲ. ದಂಡ ಬೀಳುತ್ತೆ ಅಂತ ಹೆದರಿಸಿ ಆಮೇಲೆ ಸುಳ್ಳಾದ್ರೆ ನಿಮ್ಮ ಮುಂದಿನ ಮೇಲ್‌ಗೆ ಬೆಲೆ ಇರಲ್ಲ.

ಈಗ ಲೆಕ್ಕ. ಡೇಟಾ 10 ಕೆಲಸದ ದಿನ ತಡವಾಗಿ ಬಂತು, ಸರಿ. ಆದ್ರೆ ಟೆಸ್ಟಿಂಗ್ 11ರ ಬದಲು 18ಕ್ಕೆ ಶುರುವಾಯ್ತು. ನಡುವೆ ಆಗಸ್ಟ್ 15 ರಜೆ. ಅಂದ್ರೆ ಆ ತಡದಿಂದ ಪ್ರಾಜೆಕ್ಟ್ ಹಿಂದೆ ಬಿದ್ದದ್ದು 4 ದಿನ ಮಾತ್ರ, ಮಿಕ್ಕ ದಿನ ನೀವು ಡಮ್ಮಿ ಡೇಟಾ ಇಟ್ಕೊಂಡು ಕೆಲಸ ಮುಂದುವರಿಸಿದ್ದೀರಿ. ಎಷ್ಟು ತಡವಾಗಿ ಬಂತು ಅನ್ನೋದು ಒಂದು, ಅದರಿಂದ ಎಷ್ಟು ತಡವಾಯ್ತು ಅನ್ನೋದು ಇನ್ನೊಂದು. ಆಪಾದನೆ ಹುಟ್ಟೋದು ಇವೆರಡನ್ನ ಒಂದೇ ಅಂದುಕೊಂಡಾಗ.

ಇನ್ನು ವೇಗ. ಆಗಸ್ಟ್ 18ರಿಂದ ಸೆಪ್ಟೆಂಬರ್ 9ರವರೆಗೆ, ಗಣೇಶ ಚತುರ್ಥಿ ಮತ್ತು 5ನೇ ತಾರೀಖಿನ ಈದ್ ಮಿಲಾದ್ ಬಿಟ್ಟು, 15 ಕೆಲಸದ ದಿನ. 27 ಪಾಸ್. ದಿನಕ್ಕೆ 1.8. ಪ್ಲಾನ್‌ನಲ್ಲಿ 54 ಕೇಸ್‌ಗೆ 17 ದಿನ ಇಟ್ಟಿದ್ದಿರಿ, ದಿನಕ್ಕೆ 3ಕ್ಕಿಂತ ಮೇಲೆ. ಅಂದ್ರೆ ದೊಡ್ಡ ಕಾರಣ ಕ್ಲೈಂಟೂ ಅಲ್ಲ, ಆ ಹುಡುಗಿಯೂ ಅಲ್ಲ. ಏನೋ ಒಂದು ನಿಮ್ಮ ವೇಗವನ್ನ ಅರ್ಧಕ್ಕೆ ಇಳಿಸಿದೆ, ನಿಮ್ಮ ಕರಡಿನಲ್ಲಿ ಅದರ ಸುಳಿವೇ ಇಲ್ಲ. ಉಳಿದ 27 ಯಾರ ಬಳಿ ಇವೆ ಅಂತ ಕೇಳಿದ್ದು ಅದಕ್ಕೇ.

---

ನೇರನುಡಿ · 10:52

10 + 4 = 14 ದಿನ ಸಿಕ್ತಲ್ಲ, ಅದಕ್ಕೆ ದರ ಬದಲಾವಣೆ ಸೇರಿಸಿದ್ರೆ ಲೆಕ್ಕ ಸರಿಹೋಗುತ್ತೆ. ಜಿಎಸ್‌ಟಿ ಕೌನ್ಸಿಲ್ 3ನೇ ತಾರೀಖು ತೀರ್ಮಾನ ಮಾಡಿದ್ದು, 22ರಿಂದ ಜಾರಿ. ಇದು ಎಲ್ಲರಿಗೂ ಗೊತ್ತಿರೋ ಕಾರಣ, ಯಾರ ಮೇಲೂ ಬರಲ್ಲ. ಅದನ್ನೇ ಮುಂದಿಡಿ.

---

ಶಿರಸಿ_ಸುಮ · 11:20

ಅಯ್ಯೋ, ಅದು ಮಾಡಬೇಡಿ. ಯಾರ ಮೇಲೂ ಬರದ ಕಾರಣ ಸಿಕ್ಕಿತು ಅಂತ ಎಲ್ಲ ತಡವನ್ನೂ ಅದರ ತಲೆಗೆ ಕಟ್ಟೋದೂ ದೂಷಣೆಯೇ, ಈ ಸಲ ಸರ್ಕಾರದ ಮೇಲೆ ಅಷ್ಟೇ. ಮತ್ತೆ ಅದು ನಿಲ್ಲೋದೂ ಇಲ್ಲ. ಡೆಲಿವರಿ ಹೆಡ್ ಒಂದೇ ಪ್ರಶ್ನೆ ಕೇಳ್ತಾರೆ: "3ನೇ ತಾರೀಖಿಗೆ ನೀವು ಎಲ್ಲಿದ್ದಿರಿ?" ಉತ್ತರ ಜಿರಾದಲ್ಲೇ ಇದೆ. ಟೆಸ್ಟ್ ಕೇಸ್‌ಗಳನ್ನ ಟಿಕೆಟ್ ಆಗಿ ಇಟ್ಟಿದ್ದರೆ ಹೀಗೆ ಹಾಕಿ ನೋಡಿ (ಪ್ರಾಜೆಕ್ಟ್ ಕೀ ನಿಮ್ಮದು ಹಾಕಿಕೊಳ್ಳಿ):

```
project = EINV AND status WAS "Done" ON "2025-09-03"
```

ಆ ದಿನ ಎಷ್ಟು ಟಿಕೆಟ್ ಮುಗಿದ ಸ್ಥಿತಿಯಲ್ಲಿದ್ದವು ಅಂತ ಬರತ್ತೆ. ನೆನಪಿನಿಂದ ಬರೆದ ಸಂಖ್ಯೆಗಿಂತ ಇದು ಗಟ್ಟಿ, ಯಾರು ಬೇಕಾದರೂ ಮತ್ತೆ ಹಾಕಿ ನೋಡಬಹುದು. ಒಂದು ಎಚ್ಚರಿಕೆ: ಡ್ಯೂ ಡೇಟ್ ಎಷ್ಟು ಸಲ ಮುಂದೆ ಹೋಯ್ತು ಅಂತ ಹೀಗೆ ಹುಡುಕಲಿಕ್ಕೆ ಬರೋದಿಲ್ಲ. `WAS`, `CHANGED` ಎಲ್ಲ ಸ್ಟೇಟಸ್, ಅಸೈನೀ ತರದ ಕೆಲವೇ ಫೀಲ್ಡ್‌ಗಳಿಗೆ. ಡ್ಯೂ ಡೇಟ್ ಬೇಕಾದರೆ ಒಂದೊಂದೇ ಟಿಕೆಟ್ ತೆರೆದು `History` ನೋಡಬೇಕು.

ಅಸೈನೀ ಹೆಸರಿನ ಕಾಲಮ್ ಇರೋ ಎಕ್ಸ್‌ಪೋರ್ಟ್ ಮಾತ್ರ ಮೇಲ್‌ಗೆ ಲಗತ್ತಿಸಬೇಡಿ. ಮೇಲ್‌ನಲ್ಲಿ ಯಾರ ಹೆಸರೂ ಇಲ್ಲ, ಲಗತ್ತಿಸಿದ ಶೀಟ್‌ನಲ್ಲಿ ಎಲ್ಲರ ಹೆಸರೂ ಇದೆ ಅಂದರೆ ಏನು ಪ್ರಯೋಜನ? ಆ ಕಾಲಮ್ ತೆಗೆದು ಕಳಿಸಿ.

---

ಪೀಣ್ಯ_2ನೇ_ಹಂತ · 11:41

ನಮ್ಮಲ್ಲಿ ಕ್ಯಾಸ್ಟಿಂಗ್ ಕೊಡೋ ವೆಂಡರ್ ಮೂರು ವಾರದಿಂದ ಸತಾಯಿಸ್ತಿದ್ದಾನೆ. ಪರ್ಚೇಸ್ ಮ್ಯಾನೇಜರ್ ಫೋನ್ ಎತ್ತಲ್ಲ. ಅವರ ಮೇಲೆ ಎಂಡಿಗೆ ಕಂಪ್ಲೇಂಟ್ ಮಾಡೋಕೆ ಫಾರ್ಮ್ಯಾಟ್ ಇದ್ರೆ ಹಾಕಿ.

---

ಶಿರಸಿ_ಸುಮ · 11:55

ಇಲ್ಲಿ ಮಾತಾಡ್ತಿರೋದು ಕಂಪ್ಲೇಂಟ್ ಅಲ್ಲ, ತೀರ್ಮಾನ ಕೇಳೋದು. ನಿಮ್ಮ ವಿಷಯಕ್ಕೆ ತಾಳೆ ಆಗೋದು ಇಷ್ಟೇ: ಪರ್ಚೇಸ್ ಮ್ಯಾನೇಜರ್ ಫೋನ್ ಎತ್ತಲಿಲ್ಲ ಅನ್ನೋದನ್ನ ಬಿಡಿ. ಎಷ್ಟು ಕ್ಯಾಸ್ಟಿಂಗ್ ಬರಬೇಕಿತ್ತು, ಎಷ್ಟು ಬಂದಿದೆ, ಸ್ಟಾಕ್‌ನಲ್ಲಿ ಇರೋದು ಇನ್ನೆಷ್ಟು ದಿನಕ್ಕೆ, ಯಾವ ದಿನ ಲೈನ್ ನಿಲ್ಲತ್ತೆ, ಎರಡನೇ ವೆಂಡರ್‌ಗೆ ಆರ್ಡರ್ ಕೊಡಲಿಕ್ಕೆ ಯಾರ ಸಹಿ ಬೇಕು, ಅಷ್ಟು ಬರೆಯಿರಿ. ವಿವರಕ್ಕೆ ಬೇರೆ ಥ್ರೆಡ್ ಮಾಡಿ, ಬರ್ತೀನಿ.

---

ತುಂಗಾತೀರ · ಮಧ್ಯಾಹ್ನ 1:15

ಹಾಕಿ ನೋಡಿದೆ. 3ನೇ ತಾರೀಖಿಗೆ 22 ಪಾಸ್. ಪ್ಲಾನ್ ಪ್ರಕಾರ ಅವತ್ತಿಗೆ 51 ಆಗಿರಬೇಕಿತ್ತು. ದರ ಬದಲಾವಣೆಯನ್ನ ಮುಂದಿಟ್ಟಿದ್ರೆ ಸಿಕ್ಕಿಬೀಳ್ತಿದ್ದೆ. ಅದರಿಂದ ಹೊಸದಾಗಿ ಸೇರೋದು 8 ಕೇಸ್. ಹಳೇ ದರದಲ್ಲಿ ಮಾರಿದ್ದು 22ರ ನಂತರ ವಾಪಸ್ ಬಂದ್ರೆ ಕ್ರೆಡಿಟ್ ನೋಟ್‌ನಲ್ಲಿ ಯಾವ ದರ, ಅಂಥವು.

ಉಳಿದ 27ರ ಲೆಕ್ಕ: 12 ಕೇಸ್ ಫೇಲ್ ಆಗಿ ಡೆವಲಪರ್‌ಗಳ ಬಳಿ ವಾಪಸ್ ಹೋಗಿವೆ. 3 ಮಾತ್ರ `Ready for Test`. 12 ಇನ್ನೂ ಶುರುವಾಗಿಲ್ಲ, ಅವುಗಳಲ್ಲಿ ಹೆಚ್ಚಿನವು ಆ ಫೇಲ್ ಆದವು ಸರಿಹೋಗದೆ ಓಡಿಸೋಕೆ ಆಗಲ್ಲ.

---

ಚಾರ್ಟಪ್ಪ · 1:40

ಹಾಗಿದ್ರೆ ನೀವು ಕೇಳ್ತಿರೋ ಟೆಸ್ಟರ್ ಬಂದು ಏನು ಮಾಡ್ತಾರೆ? ಟೆಸ್ಟರ್ ಮೇಜಿನ ಮೇಲೆ ಇರೋದು ಮೂರೇ ಮೂರು ಕೇಸ್. ಕೆಲಸ ಸಿಕ್ಕಿಕೊಂಡಿರೋದು ಸರಿಪಡಿಸೋ ಕಡೆ. `Ready for Test`ನಲ್ಲಿ ಗುಡ್ಡೆ ಬಿದ್ದಿದ್ರೆ ಟೆಸ್ಟರ್ ಕೇಳಿ. ಫೇಲ್ ಆಗಿ ವಾಪಸ್ ಹೋದ ಕಡೆ ಗುಡ್ಡೆ ಬಿದ್ದಿದ್ರೆ ಟೆಸ್ಟರ್ ಬಂದಷ್ಟೂ ಗುಡ್ಡೆ ಬೆಳೆಯುತ್ತೆ. ಹೆಡ್ ಕಷ್ಟಪಟ್ಟು ಇನ್ನೊಂದು ಪ್ರಾಜೆಕ್ಟ್‌ನಿಂದ ಜನ ಬಿಡಿಸಿ ಕೊಟ್ಟು, ಎರಡು ವಾರ ಆದ್ರೂ ತಾರೀಖು ಅಲ್ಲಾಡಲಿಲ್ಲ ಅಂದ್ರೆ, ಆಗ ಬರೋ ಪ್ರಶ್ನೆ ನಿಮ್ಮ ಮೇಲೆ.

ಇಬ್ಬರು ಡೆವಲಪರ್‌ಗಳ ಟೈಮ್‌ಶೀಟ್ ತೆಗೀರಿ, ಆಗಸ್ಟ್ 18ರಿಂದ. ಯಾರು ನಿಧಾನ ಅಂತ ಹುಡುಕೋಕಲ್ಲ. ನಿಮ್ಮ ಪ್ರಾಜೆಕ್ಟ್ ಕೋಡ್ ಬಿಟ್ಟು ಬೇರೆ ಯಾವ ಕೋಡ್‌ಗೆ ಗಂಟೆ ಹೋಗಿದೆ ಅಂತ ನೋಡೋಕೆ.

---

ತುಂಗಾತೀರ · 2:30

ತೆಗೆದೆ. ಸೀನಿಯರ್ ಡೆವಲಪರ್‌ದು 15 ದಿನದಲ್ಲಿ 52 ಗಂಟೆ ಬೇರೊಂದು ಪ್ರಾಜೆಕ್ಟಿನ ಪ್ರೊಡಕ್ಷನ್ ಸಪೋರ್ಟ್‌ಗೆ ಹೋಗಿದೆ. ದಿನಕ್ಕೆ ಸುಮಾರು ಮೂರೂವರೆ ಗಂಟೆ. ಅದು ಗೊತ್ತಿತ್ತು, "ಒಂದರ್ಧ ಗಂಟೆ ನೋಡಿಕೊಡ್ತಾರೆ" ಅಂತ ಜುಲೈನಲ್ಲಿ ನಾನೇ ಒಪ್ಪಿದ್ದೆ. ಇಷ್ಟು ಅಂತ ಗೊತ್ತಿರಲಿಲ್ಲ. ಅವರು ಒಂದು ದಿನವೂ ಹೇಳಿಕೊಂಡಿಲ್ಲ.

---

ಚಾರ್ಟಪ್ಪ · 3:05

ಅಲ್ಲಿದೆ ನೋಡಿ ನಿಮ್ಮ ಮೇಲ್. 52 ಗಂಟೆ ಅಂದ್ರೆ ಒಬ್ಬ ಡೆವಲಪರ್‌ನ ಆರೂವರೆ ದಿನ. ಇದನ್ನ ನೀವು ಸರಿಮಾಡೋಕಾಗಲ್ಲ, ಎರಡು ಪ್ರಾಜೆಕ್ಟ್‌ಗೂ ಮೇಲಿರೋರು ಮಾತ್ರ ಮಾಡಬಹುದು. ಎಸ್ಕಲೇಟ್ ಮಾಡೋದಕ್ಕೆ ಯೋಗ್ಯವಾದ ವಿಷಯ ಅಂದ್ರೆ ಇದೇ. ಬರೀ "ತಡವಾಗಿದೆ" ಅಂತ ತಿಳಿಸೋದು ವಾರದ ರಿಪೋರ್ಟ್‌ನ ಕೆಲಸ.

ಈಗ ಕ್ಯಾನ್ಸಲ್ ವಾಕ್ಯಕ್ಕೆ ಬರೋಣ. ಒಂದು ವಿಷಯ ನೋಡಿ ಹೇಳಿ: 24 ಗಂಟೆ ನಿಯಮ ನಿಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಇತ್ತಾ? ಆ ಕೋಡ್‌ನ ರಿವ್ಯೂ ಮಾಡಿದ್ದು ಯಾರು?

---

ತುಂಗಾತೀರ · 3:12

ಡಾಕ್ಯುಮೆಂಟ್‌ನಲ್ಲಿ ಇರಲಿಲ್ಲ. ರಿವ್ಯೂ ನಾನೇ ಮಾಡಿದ್ದು.

---

ನೇರನುಡಿ · 3:15

😄

---

ಶಿರಸಿ_ಸುಮ · 3:40

ನಗಬೇಡಿ, ಇದು ಎಲ್ಲ ಕಡೆ ಆಗೋದೇ. ಆದರೆ ಈಗ ವಾಕ್ಯ ತಾನಾಗಿ ಸರಿಹೋಯ್ತು ನೋಡಿ: "24 ಗಂಟೆಯ ಮಿತಿ ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಇರಲಿಲ್ಲ, ನನ್ನ ರಿವ್ಯೂನಲ್ಲೂ ಹಿಡಿಯಲಿಲ್ಲ. ಆಗಸ್ಟ್ 22ಕ್ಕೆ ಟೆಸ್ಟಿಂಗ್‌ನಲ್ಲಿ ಕಂಡಿತು. ಸರಿಪಡಿಸಲು 4 ಕೆಲಸದ ದಿನ ಹಿಡಿಯಿತು." ಏನೂ ಮುಚ್ಚಿಟ್ಟಿಲ್ಲ. ಮೇಲ್‌ನಲ್ಲಿ ಒಬ್ಬರ ಹೊಣೆ ಬರೆಯೋದಾದರೆ ಅದು ಬರೆಯೋರದ್ದೇ ಆಗಿರಬೇಕು, ಅದೂ ಒಂದೇ ವಾಕ್ಯದಲ್ಲಿ. ಕ್ಷಮಾಪಣೆಯ ಪ್ಯಾರಾ ಬೇಡ, ಓದೋರು ಸಮಾಧಾನ ಹೇಳಲಿಕ್ಕೆ ಕೂತರೆ ತೀರ್ಮಾನ ಉಳಿದುಹೋಗತ್ತೆ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. "ಅವರು ಫೈಲ್ ಕೊಡಲಿಲ್ಲ" ಅನ್ನೋದರ ಬದಲು "ಫೈಲ್ ಬಂದದ್ದು 11ಕ್ಕೆ" ಅಂದರೆ ಸಾಕು, ಕರ್ತೃ ಫೈಲೇ ಆಗತ್ತೆ. ಇಂಗ್ಲಿಷ್‌ಗೆ ಹಾಕುವಾಗಲೂ ಮೊದಲು ಹೀಗೆ ಬರೆದುಕೊಂಡು ಹಾಕಿ. ಮತ್ತೆ "ಕೂಡ", "ಇನ್ನೂ", "ಎಷ್ಟು ಸಲ ಕೇಳಿದರೂ" ಇವನ್ನ ಹುಡುಕಿ ತೆಗೆಯಿರಿ. ತಾರೀಖು ಸುಮ್ಮನಿದ್ದರೂ ಈ ಸಣ್ಣ ಪದಗಳು ಕೊಂಕು ಮಾತಾಡ್ತಾವೆ. "ಮೂರು ಸಲ ಜ್ಞಾಪಿಸಿದರೂ ಡೇಟಾ ಬರಲಿಲ್ಲ" ಅನ್ನೋದರಲ್ಲಿ ಸುಳ್ಳೇನೂ ಇಲ್ಲದಿರಬಹುದು, ಆದರೂ ಅದು ಚಾಡಿ.

---

ನೇರನುಡಿ · 3:58

ಒಪ್ಪಿದೆ. ಆದ್ರೆ ಒಂದು ಪ್ರಶ್ನೆ. ಡಾಕ್ಯುಮೆಂಟ್‌ನಲ್ಲಿ ಇದ್ದೂ ಅವರು ಓದದೇ ಬರೆದಿದ್ರೆ? ಆಗಲೂ ಹೆಸರು ಬೇಡ್ವಾ? ಅದೇ ತಪ್ಪು ಮೂರು ಸಲ ಆದ್ರೆ?

---

ಚಾರ್ಟಪ್ಪ · 4:20

ಆಗ ವಾಕ್ಯ "ಡಾಕ್ಯುಮೆಂಟ್‌ನಲ್ಲಿದ್ದ 24 ಗಂಟೆಯ ಮಿತಿ ಮೊದಲ ಆವೃತ್ತಿಯ ಕೋಡ್‌ನಲ್ಲಿ ಬಂದಿರಲಿಲ್ಲ" ಅಂತ. ನಿಜವೇ, ಹೆಸರಿಲ್ಲ. ಹೆಸರು ಸೇರಿಸಿದ್ರೆ ಹೆಡ್ ತಗೊಳ್ಳೋ ತೀರ್ಮಾನ ಬದಲಾಗುತ್ತಾ ಅಂತ ಕೇಳಿಕೊಳ್ಳಿ. ಗೋ-ಲೈವ್ ತಾರೀಖಿಗೆ, ಸಪೋರ್ಟ್ ಕೆಲಸ ಬೇರೆಯವರಿಗೆ ಕೊಡೋದಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಮೂರು ಸಲ ಆದ್ರೆ ಅದು ಲೈನ್ ಮ್ಯಾನೇಜರ್ ಜೊತೆ ಬಾಗಿಲು ಹಾಕಿ ಮಾತಾಡೋ ವಿಷಯ, ಹತ್ತು ಜನ ಓದೋ ಮೇಲ್ ಅದಕ್ಕೆ ಜಾಗವಲ್ಲ. ಅಲ್ಲಿ ನೀವು ಹೇಳೋ ಹಾಗೆ ನೇರವಾಗೇ ಮಾತಾಡಬೇಕು.

ಈಗ ತಾರೀಖು. 27 ಜೊತೆಗೆ ಹೊಸ 8, ಒಟ್ಟು 35. ಈಗಿನ 1.8 ವೇಗಕ್ಕೆ 20 ಕೆಲಸದ ದಿನ. ಇವತ್ತಿನಿಂದ ಎಣಿಸಿ, ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ ಮತ್ತು ಗಾಂಧಿ ಜಯಂತಿ ಬಿಟ್ರೆ ಅಕ್ಟೋಬರ್ 9ಕ್ಕೆ ಟೆಸ್ಟಿಂಗ್ ಮುಗಿಯುತ್ತೆ. ಆಮೇಲೆ ಕ್ಲೈಂಟ್ ಕಡೆಯವರು ಕೂತು ನೋಡೋಕೆ 3 ದಿನ: 10, 13, 14. ಗೋ-ಲೈವ್ 15 ಅಂತ ಬರುತ್ತೆ.

ಸಪೋರ್ಟ್ ಕೆಲಸ ಬಿಡಿಸಿದ್ರೆ ವೇಗ ಏರುತ್ತೆ, ಆದ್ರೆ ಆ ಏರಿಕೆಯನ್ನ ಈಗಲೇ ತಾರೀಖಿಗೆ ಸೇರಿಸಬೇಡಿ. ಒಂದು ವಾರ ನೋಡಿ ಆಮೇಲೆ ಹೇಳಿ. ಈಗಿನ ವೇಗಕ್ಕೇ ತಾರೀಖು ಕೊಟ್ರೆ, ಬಿಡುಗಡೆ ಸಿಕ್ಕಾಗ ಬರೋದು ಉಳಿತಾಯ. ಮೊದಲೇ ಸೇರಿಸಿ ಎರಡನೇ ಸಲ ತಾರೀಖು ತಪ್ಪಿದ್ರೆ ಮೂರನೇದನ್ನ ಯಾರೂ ನಂಬಲ್ಲ.

---

ಹುಬ್ಳಿಮಂದಿ · 4:45

ಅಕ್ಟೋಬರ್ 15ಕ್ಕ ಗೋ-ಲೈವ್? ದೀಪಾವಳಿ 20ರಿಂದ 22 ಅದ. ಹಬ್ಬದ ಮುಂದಿನ ವಾರ ಗೋಡೌನಿನಾಗ ನಿಂದ್ರಾಕ ಜಾಗ ಇರೂದಿಲ್ಲ, ಬಿಲ್ಲಿಂಗ್ ಹುಡುಗ ಹೊಸ ಸ್ಕ್ರೀನ್ ನೋಡ್ಕೋತ ಕುಂತ್ರ ಗಾಡಿ ಲೋಡ್ ಆಗೂದಿಲ್ಲ. ಸೆಪ್ಟೆಂಬರ್ 29, 30ನೂ ಬ್ಯಾಡ, ತಿಂಗಳ ಕೊನಿ, ಟಾರ್ಗೆಟ್ ಮುಗಸೂ ಗಡಿಬಿಡಿ. ಅಕ್ಟೋಬರ್ 6 ಸೋಮವಾರ ಇಲ್ಲಾ ಹಬ್ಬ ಮುಗದ ಮ್ಯಾಲೆ 27 ಸೋಮವಾರ. ಮತ್ತ ಒಂದು ಕೇಳ್ತೀನಿ, ಎಲ್ಲಾ ಒಮ್ಮೆಲೆ ಯಾಕ ಬೇಕು? ಬಿಲ್ಲು, ಕ್ರೆಡಿಟ್ ನೋಟ್ ಇಷ್ಟು ಬಂದ್ರ ದಿನದ ಕೆಲಸ ಹಗುರಾತು. ಕ್ಯಾನ್ಸಲ್ ಮತ್ತ ಇ-ವೇ ಬಿಲ್ ಇನ್ನ ಮೂರು ವಾರ ಪೋರ್ಟಲ್‌ನ್ಯಾಗ ಮಾಡ್ಕೋತಾರ.

---

ತುಂಗಾತೀರ · 5:30

ಇದು ತಲೆಗೇ ಹೊಳೆದಿರಲಿಲ್ಲ. 35ರಲ್ಲಿ ಬಿಲ್ಲು ಮತ್ತು ಕ್ರೆಡಿಟ್ ನೋಟ್‌ಗೆ ಸೇರಿದ್ದು 18 (ದರ ಬದಲಾವಣೆಯ 8ನ್ನೂ ಸೇರಿಸಿ). 1.8ಕ್ಕೆ 10 ದಿನ, ಅಂದ್ರೆ ಸೆಪ್ಟೆಂಬರ್ 23. ಕ್ಲೈಂಟ್ ನೋಡೋದು 24, 25, 26. ಅಕ್ಟೋಬರ್ 6ರವರೆಗೆ ಇನ್ನೂ 3 ಕೆಲಸದ ದಿನ ಕೈಯಲ್ಲಿ ಉಳಿಯುತ್ತೆ.

ಹೊಸ ಕರಡು:

> ವಿಷಯ: ಇ-ಇನ್‌ವಾಯ್ಸ್ ಪ್ರಾಜೆಕ್ಟ್ – 15 ಸೆಪ್ಟೆಂಬರ್ ಗೋ-ಲೈವ್ ಆಗುವುದಿಲ್ಲ – 12ರೊಳಗೆ ಎರಡು ತೀರ್ಮಾನ ಬೇಕು
>
> ಸೆಪ್ಟೆಂಬರ್ 15ರ ಗೋ-ಲೈವ್ ಸಾಧ್ಯವಿಲ್ಲ. 54 ಟೆಸ್ಟ್ ಕೇಸ್‌ಗಳಲ್ಲಿ 27 ಪಾಸ್ ಆಗಿವೆ. ಸೆಪ್ಟೆಂಬರ್ 22ರ ದರ ಬದಲಾವಣೆಯಿಂದ 8 ಸೇರಿವೆ. ಈಗಿನ ವೇಗಕ್ಕೆ ಎಲ್ಲ ಟೆಸ್ಟಿಂಗ್ ಮುಗಿಯುವುದು ಅಕ್ಟೋಬರ್ 9ಕ್ಕೆ.
>
> ನಿಮ್ಮಿಂದ ಬೇಕಾದದ್ದು
> 1. ಸೀನಿಯರ್ ಡೆವಲಪರ್ ಪಾತ್ರಕ್ಕೆ ಅಕ್ಟೋಬರ್ 3ರವರೆಗೆ ಪ್ರೊಡಕ್ಷನ್ ಸಪೋರ್ಟ್ ಕೆಲಸದಿಂದ ಬಿಡುಗಡೆ. ಆಗಸ್ಟ್ 18ರಿಂದ 52 ಗಂಟೆ ಅಲ್ಲಿಗೆ ಹೋಗಿದೆ. ಇದಕ್ಕೆ ಜುಲೈನಲ್ಲಿ ಒಪ್ಪಿದ್ದು ನಾನು, ಆಗ ಅಂದಾಜಿಸಿದ್ದು ದಿನಕ್ಕೆ ಅರ್ಧ ಗಂಟೆ.
> 2. ಎರಡರಲ್ಲಿ ಒಂದು: (ಅ) ಬಿಲ್ಲು ಮತ್ತು ಕ್ರೆಡಿಟ್ ನೋಟ್ ಅಕ್ಟೋಬರ್ 6ಕ್ಕೆ, ಕ್ಯಾನ್ಸಲ್ ಮತ್ತು ಇ-ವೇ ಬಿಲ್ 27ಕ್ಕೆ. (ಆ) ಎಲ್ಲವೂ ಒಟ್ಟಿಗೆ ಅಕ್ಟೋಬರ್ 27ಕ್ಕೆ. ನನ್ನ ಶಿಫಾರಸು (ಅ).
>
> 12ರ ಒಳಗೆ ಏಕೆ: ಸೆಪ್ಟೆಂಬರ್ 24–26ಕ್ಕೆ ಕ್ಲೈಂಟ್ ಕಡೆಯ ಬಿಲ್ಲಿಂಗ್ ಸಿಬ್ಬಂದಿಯ ಸಮಯವನ್ನು ಸೋಮವಾರವೇ ಕೇಳಬೇಕು.
>
> ತಡವಾದರೆ ಏನಾಗುತ್ತದೆ: ಕ್ಲೈಂಟ್ ಪೋರ್ಟಲ್‌ಗೆ ಕೈಯಾರೆ ಹಾಕುವುದನ್ನು ಮುಂದುವರಿಸುತ್ತಾರೆ. 30 ದಿನದ ನಿಯಮಕ್ಕೆ ಇದರಿಂದ ತೊಂದರೆಯಿಲ್ಲ.
>
> ಏನಾಯಿತು
> – ಕಸ್ಟಮರ್ ಮಾಸ್ಟರ್: ಯೋಜನೆ ಜುಲೈ 28, ಬಂದದ್ದು ಆಗಸ್ಟ್ 11. ಟೆಸ್ಟಿಂಗ್ ಆರಂಭ 4 ದಿನ ಹಿಂದೆ ಬಿತ್ತು.
> – ಕ್ಯಾನ್ಸಲ್: 24 ಗಂಟೆಯ ಮಿತಿ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಇರಲಿಲ್ಲ, ನನ್ನ ರಿವ್ಯೂನಲ್ಲೂ ಹಿಡಿಯಲಿಲ್ಲ. ಸರಿಪಡಿಸಲು 4 ದಿನ.
> – ವೇಗ: ದಿನಕ್ಕೆ 1.8 ಕೇಸ್, ಯೋಜಿಸಿದ್ದು 3.2. ಫೇಲ್ ಆದ 12 ಕೇಸ್‌ಗಳು ಸರಿಪಡಿಸಲು ಕಾಯುತ್ತಿವೆ.

---

ಚಾರ್ಟಪ್ಪ · 6:05

ಚೆನ್ನಾಗಿದೆ. ಎರಡು ತಿದ್ದುಪಡಿ. ಇಬ್ಬರೇ ಡೆವಲಪರ್ ಇರೋ ಟೀಮಿನಲ್ಲಿ "ಸೀನಿಯರ್ ಡೆವಲಪರ್" ಅಂದ್ರೂ ಹೆಸರೇ. ಇಲ್ಲಿ ಅದನ್ನ ತಪ್ಪಿಸೋಕೆ ಆಗಲ್ಲ, ಯಾಕಂದ್ರೆ ಬಿಡುಗಡೆ ಕೇಳ್ತಿರೋದೇ ಅವರಿಗೆ. ಹಾಗಾಗಿ ಕಳಿಸೋ ಮೊದಲು ಅವರಿಗೆ ತೋರಿಸಿ, "52 ಗಂಟೆ ಸರಿನಾ?" ಅಂತ ಕೇಳಿ. ಟೈಮ್‌ಶೀಟ್‌ನಲ್ಲಿ ಜನ ಕೋಡ್ ತಪ್ಪಿ ಹಾಕ್ತಾರೆ, 52 ನಿಜವಾಗಿ 30 ಇರಬಹುದು, 70 ಕೂಡ ಇರಬಹುದು. ಆ ಹುಡುಗಿಗೂ ಕ್ಯಾನ್ಸಲ್ ಸಾಲು ತೋರಿಸಿ. ಮೇಲ್ ಹೋದ ಮೇಲೆ ಬೇರೆಯವರ ಬಾಯಿಂದ ಕೇಳಿದ್ರೆ, ಹೆಸರಿಲ್ಲದಿದ್ರೂ ನೋವಾಗುತ್ತೆ.

ಎರಡನೇದು, ಕ್ಯಾನ್ಸಲ್‌ಗೆ 4 ದಿನ, ಆರಂಭಕ್ಕೆ 4 ದಿನ, ಸಪೋರ್ಟ್‌ಗೆ ಆರೂವರೆ ದಿನ, ಇವನ್ನ ಕೂಡಿಸಿ ಯಾರಾದ್ರೂ "ಉಳಿದದ್ದು ಎಲ್ಲಿ?" ಅಂತ ಕೇಳೇ ಕೇಳ್ತಾರೆ. ಆ ದಿನಗಳು ಒಂದರ ಮೇಲೊಂದು ಬಿದ್ದಿವೆ, ಕೂಡಿಸೋ ಹಾಗಿಲ್ಲ ಅಂತ ಒಂದು ಸಾಲು ಸೇರಿಸಿ.

---

ತುಂಗಾತೀರ · 6:20

ಸರಿ. ಇನ್ನೊಂದು ತೊಡಕು. ನನ್ನ ಮ್ಯಾನೇಜರ್ "ಮುಂದಿನ ವಾರ ನೋಡೋಣ, ಈಗಲೇ ಮೇಲೆ ಹೋಗೋದು ಬೇಡ" ಅಂತಿದ್ದಾರೆ. ಅವರನ್ನ ದಾಟಿ ಕಳಿಸಲಾ?

---

ಶಿರಸಿ_ಸುಮ · 6:45

ದಾಟಬೇಡಿ, ಕಾಯಲೂ ಬೇಡಿ. ಈ ಕರಡನ್ನ ಅವರಿಗೇ ಕಳಿಸಿ: "12ರ ಒಳಗೆ ತೀರ್ಮಾನ ಬೇಕಿರೋದರಿಂದ ನಾಳೆ ಮಧ್ಯಾಹ್ನ 3ಕ್ಕೆ ಇದು ಹೋಗಬೇಕು. ನೀವೇ ಕಳಿಸ್ತೀರಾ, ಅಥವಾ ನಿಮ್ಮನ್ನ ಸಿಸಿಯಲ್ಲಿಟ್ಟು ನಾನು ಕಳಿಸಲಾ? ತಿದ್ದೋದಿದ್ದರೆ ತಿದ್ದಿ ಕೊಡಿ." ಬಹಳ ಜನ ಮ್ಯಾನೇಜರ್‌ಗಳು ತಡೆಯೋದು ಮೇಲಿನವರ ಮುಂದೆ ಉತ್ತರವಿಲ್ಲದೆ ನಿಲ್ಲಬೇಕಾಗತ್ತೆ ಅಂತ. ಉತ್ತರ ಬರೆದೇ ಕೊಟ್ಟರೆ ಅವರೇ ಕಳಿಸ್ತಾರೆ. ಅದೇ ಒಳ್ಳೆಯದು ಕೂಡ. ಸ್ಪಷ್ಟವಾಗಿ "ಬೇಡ" ಅಂತ ಬರೆದರೆ ಮಾತ್ರ ಬೇರೆ ಯೋಚನೆ ಮಾಡಬೇಕು.

---

ನೇರನುಡಿ · 7:02

ಸಪೋರ್ಟ್ ಪ್ರಾಜೆಕ್ಟಿನ ಮ್ಯಾನೇಜರ್‌ನೂ ಸಿಸಿಯಲ್ಲಿ ಹಾಕಬೇಕಲ್ವಾ? 52 ಗಂಟೆ ತಗೊಂಡೋರು ಅವರು. ಅವರಿಗೆ ಗೊತ್ತಿಲ್ಲದೆ ಅವರ ಜನ ಕಿತ್ತುಕೊಂಡ ಹಾಗಾಗುತ್ತೆ.

---

ಚಾರ್ಟಪ್ಪ · 7:20

ನಾನಾಗಿದ್ರೆ ಹಾಕಲ್ಲ. ಹೆಡ್ ಎದುರು ಅವರು ಸಮರ್ಥನೆಗೆ ಇಳೀತಾರೆ, ಮೇಲ್ ಜಗಳ ಆಗುತ್ತೆ. ಮೊದಲು ಫೋನ್ ಮಾಡಿ ಹೇಳಿ, "ಹೀಗೆ ಕೇಳ್ತಿದ್ದೀನಿ, ನಿಮಗೆ ಕಷ್ಟ ಆಗೋ ದಿನ ಯಾವುದು ಹೇಳಿ" ಅಂತ.

---

ಶಿರಸಿ_ಸುಮ · 7:31

ಇದರಲ್ಲಿ ನಾನು ನೇರನುಡಿ ಕಡೆ. ಫೋನ್ ಮಾಡಿ ಹೇಳೋದು ಸರಿ, ಆದರೆ ಸಿಸಿಯಲ್ಲೂ ಇರಲಿ. ಅವರಿಲ್ಲದ ಮೇಲ್‌ನಲ್ಲಿ ಅವರ ಪ್ರಾಜೆಕ್ಟಿನ ಗಂಟೆ ಲೆಕ್ಕ ಬರೆದರೆ ಅದೂ ಬೆನ್ನ ಹಿಂದಿನ ಮಾತೇ.

---

ತುಂಗಾತೀರ · ರಾತ್ರಿ 9:10

ಡೆವಲಪರ್‌ಗೆ ತೋರಿಸಿದೆ. 52 ಅಲ್ಲ, 61 ಅಂತೆ. ಎರಡು ಶನಿವಾರ ಕೂತಿದ್ದನ್ನ ಹಾಕಿರಲಿಲ್ಲ. ಟೈಮ್‌ಶೀಟ್ ತಿದ್ದಿ ಆಮೇಲೆ ಮೇಲ್‌ನಲ್ಲಿ ಬದಲಾಯಿಸ್ತೀನಿ. ಕರಡು ಮ್ಯಾನೇಜರ್‌ಗೆ ಹೋಗಿದೆ, ಅವರಿನ್ನೂ ನೋಡಿಲ್ಲ. ಸಿಸಿ ವಿಷಯ ನಾಳೆ ಬೆಳಿಗ್ಗೆ ಆ ಮ್ಯಾನೇಜರ್‌ಗೆ ಫೋನ್ ಮಾಡಿದ ಮೇಲೆ ಅವರನ್ನೇ ಕೇಳ್ತೀನಿ.

---

ಪೀಣ್ಯ_2ನೇ_ಹಂತ · 9:34

ಸುಮಾ ಮೇಡಂ, ಬೇರೆ ಥ್ರೆಡ್ ಮಾಡಿದ್ದೀನಿ. ಲೆಕ್ಕ ಹಾಕಿದ್ರೆ ಸ್ಟಾಕ್ 6 ದಿನಕ್ಕೆ ಮಾತ್ರ ಇದೆ. ಸ್ವಲ್ಪ ಬೇಗ ನೋಡಿ.